ನಾಲ್ಕು ವೇರಿಯಬಲ್ ಇದ್ದರೆ ಸೂತ್ರವೋ, ಕೆ-ಮ್ಯಾಪೋ?

ಕಾಸರಗೋಡಿನ ಕಡೆ ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿ ಪಾಲಿಟೆಕ್ನಿಕ್ ಸೇರಿದವರಿಗೆ ಡಿಜಿಟಲ್ ಪೇಪರಿನಲ್ಲಿ ಈ ಗೊಂದಲ ಇದ್ದೇ ಇರುತ್ತದೆ: ಬೂಲಿಯನ್ ಸಮೀಕರಣ ಚಿಕ್ಕದು ಮಾಡಲು ಬೀಜಗಣಿತದ ಸೂತ್ರ ಹಿಡಿಯಬೇಕೋ, 0-1 ತುಂಬಿದ ಮನೆಗಳ ಕೆ-ಮ್ಯಾಪ್ ಹಿಡಿಯಬೇಕೋ ಅಂತ. ABCD ಅನ್ನು ಬೈನರಿ ಸಂಖ್ಯೆಯಾಗಿ ಓದಿದಾಗ 0, 2, 5, 8, 10, 13ರಲ್ಲಿ 1 ಬರುವ ಲೆಕ್ಕ ತೆಗೆದುಕೊಳ್ಳಿ.

```
AB\CD  00 01 11 10
00      1  0  0  1
01      0  1  0  0
11      0  1  0  0
10      1  0  0  1
```

ಸೂತ್ರದಲ್ಲಾದರೆ ನಾಲ್ಕಕ್ಷರದ ಆರು ಪದ ಬರೆದು, ಯಾವುದಕ್ಕೆ ಯಾವುದು ಜೋಡಿ ಅಂತ ಹುಡುಕಬೇಕು. ಪ್ರತಿ ಹೆಜ್ಜೆಗೂ ಕಾರಣ ಕಾಣುತ್ತದೆ, ನಿಜ. ಆದರೆ ಇನ್ನೂ ಚಿಕ್ಕದಾಗುತ್ತದಾ ಅಂತ ಗೊತ್ತಾಗುವುದಿಲ್ಲ.

ಮ್ಯಾಪಿನಲ್ಲಿ ಅಂಚುಗಳು ಒಂದಕ್ಕೊಂದು ತಾಗುತ್ತವೆ. ಹಾಗಾಗಿ ನಾಲ್ಕು ಮೂಲೆಯೂ ಒಂದೇ ಗುಂಪು. ಅದರೊಳಗೆ A, C ಬದಲಾಗುತ್ತವೆ, ಬಿಟ್ಟುಬಿಡಿ; ಉಳಿದದ್ದು `B'D'`. ನಡುವಿನ ಜೋಡಿಯಲ್ಲಿ A ಮಾತ್ರ ಹೋಗುತ್ತದೆ: `BC'D`.

```
F = B'D' + BC'D
```

ಎಡವುವುದು ಕಾಲಮ್ ಬರೆಯುವಾಗ. ಸುಮ್ನೆ ಎಣಿಕೆಯಂತೆ 00, 01, 10, 11 ಅಂತ ಬರೆದರೆ ಮೂಲೆಯ ಗುಂಪು ಒಡೆದು, ಉತ್ತರದಲ್ಲಿ ಮೂರು ಪದ ಉಳಿಯುತ್ತವೆ. ಪಕ್ಕದ ಮನೆಗೆ ಹೋದಾಗ ಎರಡು ಅಕ್ಷರ ಬದಲಾದರೆ ಕಾಲಮ್ ತಪ್ಪಿದೆ ಅಂತಲೇ ಅರ್ಥ.

ನಾಲ್ಕಕ್ಕೆ ನನ್ನ ಓಟು ಮ್ಯಾಪಿಗೆ. ಎರಡೇ ಪದ ಇದ್ದರೆ ಸೂತ್ರವೇ ಬೇಗ. ಆರು ವೇರಿಯಬಲ್ ದಾಟಿದರೆ ಮ್ಯಾಪ್ ಕಣ್ಣಿಗೆ ನಿಲುಕುವುದಿಲ್ಲ. ಆಗ ಕ್ವೈನ್-ಮೆಕ್‌ಕ್ಲಸ್ಕಿ ಪಟ್ಟಿಯೇ ಗತಿ.