ಚಿಗುರು ಮೀಸೆಗೆ ರೇಜರ್‌ಗಿಂತ ಟ್ರಿಮ್ಮರ್ ಏಕೆ ವಾಸಿ

ಹದಿಹರೆಯದ ಹುಡುಗನಿಗೆ ಮೊದಲು ಕೊಡಿಸಬೇಕಾದದ್ದು ರೇಜರ್ ಅಲ್ಲ, ಟ್ರಿಮ್ಮರ್. ಐದು ಬ್ಲೇಡಿನ ಕಾರ್ಟ್ರಿಜ್ ರೇಜರ್, ಒಂದೇ ಬ್ಲೇಡಿನ ಸೇಫ್ಟಿ ರೇಜರ್, ಟ್ರಿಮ್ಮರ್ ಈ ಮೂರನ್ನೂ ನನ್ನ ಹದಿನೈದರ ಮಗ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಕಾರ್ಟ್ರಿಜ್ ರೇಜರ್ ಅವನ ಸೋದರಮಾವ ಕೊಟ್ಟದ್ದು. ಮೊದಲ ದಿನ ಕೆನ್ನೆ, ಗದ್ದ ಎಲ್ಲ ನುಣ್ಣಗಾದವು. ಎರಡು ಮೂರು ದಿನಗಳಲ್ಲಿ ದವಡೆಯ ಕೆಳಗೆ, ಕತ್ತಿನ ಎರಡೂ ಬದಿಗೆ ಕೆಂಪು ಗುಳ್ಳೆಗಳು ಎದ್ದವು. ಮೊಡವೆ ಎಂದುಕೊಂಡು ಅವನು ಅವುಗಳ ಮೇಲೆಯೇ ಮತ್ತೆ ರೇಜರ್ ಎಳೆದ. ಗುಳ್ಳೆಗಳ ತುದಿ ಕಿತ್ತು ರಕ್ತ ಜಿನುಗಿತು. ಕಿಟಕಿಯ ಬೆಳಕಿನಲ್ಲಿ ಕತ್ತು ಎತ್ತಿಸಿ ನೋಡಿದಾಗ, ಕೆಲವು ಗುಳ್ಳೆಗಳ ನಡುವೆ ಕಪ್ಪು ದಾರದ ಎಳೆಯಂತೆ ಕೂದಲೊಂದು ಸುರುಳಿ ಸುತ್ತಿ ಚರ್ಮದೊಳಗೇ ಉಳಿದಿರುವುದು ಕಂಡಿತು.

ಇದಕ್ಕೆ ಕಾರಣ ಆ ರೇಜರ್ ಕೆಲಸ ಮಾಡುವ ರೀತಿಯಲ್ಲೇ ಇದೆ. ಮುಂದಿನ ಬ್ಲೇಡು ಕೂದಲನ್ನು ಸ್ವಲ್ಪ ಎಳೆಯುತ್ತದೆ, ಹಿಂದಿನವು ಕತ್ತರಿಸುತ್ತವೆ. ಕತ್ತರಿಸಿದ ಚೂಪು ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಸರಿಯುತ್ತದೆ. ನೇರ ಕೂದಲಾದರೆ ಅದೇ ದಾರಿಯಲ್ಲಿ ಹೊರಗೆ ಬೆಳೆಯುತ್ತದೆ. ನನ್ನ ಮಗನದು ಗುಂಗುರು ಕೂದಲು. ಅದು ಪಕ್ಕಕ್ಕೆ ಬಾಗಿ ಚರ್ಮವನ್ನೇ ಚುಚ್ಚುತ್ತದೆ, ಆ ಜಾಗ ಊದಿಕೊಳ್ಳುತ್ತದೆ. ಕತ್ತಿನಲ್ಲಿ ಕೂದಲು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಬೆಳೆಯುವುದರಿಂದ ತೊಂದರೆ ಅಲ್ಲೇ ಹೆಚ್ಚು. ಮೊಡವೆಯೋ ಇದೋ ಎಂಬ ಅನುಮಾನ ಬಂದರೆ ಜಾಗ ನೋಡಿ: ಮೊಡವೆ ಹಣೆ, ಮೂಗಿನ ಮೇಲೂ ಏಳುತ್ತದೆ, ಇದು ಶೇವ್ ಮಾಡಿದ ಕಡೆ ಮಾತ್ರ.

ಗುಳ್ಳೆಗಳು ಇಳಿಯುವವರೆಗೆ ಕೆಲವು ವಾರ ಶೇವಿಂಗ್ ನಿಲ್ಲಿಸಿದೆವು. ಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯನ್ನು ದಿನವೂ ಸ್ವಲ್ಪ ಹೊತ್ತು ಅಲ್ಲಿ ಇಡುತ್ತಿದ್ದ. ಸೂಜಿ ಹಾಕಿ ಕೆದಕಬಾರದು, ಚಿಮುಟದಲ್ಲಿ ಬುಡಸಮೇತ ಕೀಳಲೂಬಾರದು, ಕಲೆ ಉಳಿಯುತ್ತದೆ. ಕೀವು ತುಂಬಿದರೆ ಚರ್ಮದ ವೈದ್ಯರಿಗೆ ತೋರಿಸಿ. ಔಷಧ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಸ್ಟಿರಾಯ್ಡ್ ಬೆರೆತ ಕ್ರೀಮನ್ನು ಮಾತ್ರ ಖಂಡಿತ ಹಚ್ಚಬೇಡಿ. ನಾಲ್ಕು ದಿನ ಕೆಂಪು ಇಳಿದಂತೆ ಕಾಣುತ್ತದೆ, ಹಚ್ಚುತ್ತಾ ಹೋದರೆ ಆ ಕ್ರೀಮೇ ಮೊಡವೆ ಎಬ್ಬಿಸುತ್ತದೆ.

ಸೇಫ್ಟಿ ರೇಜರ್ ಕಾರ್ಟ್ರಿಜ್ ರೇಜರ್‌ಗಿಂತ ಎಷ್ಟೋ ಮೇಲು. ಒಂದೇ ಬ್ಲೇಡು, ಅದೂ ಕೆಲವೇ ರೂಪಾಯಿ. ಆದರೆ ಅದಕ್ಕೆ ಕೈ ಪಳಗಬೇಕು. ಒತ್ತದೆ, ಹಿಡಿಯ ಭಾರದಲ್ಲಷ್ಟೇ ಎಳೆಯಬೇಕು. ಮೊಡವೆ ಇರುವ ಮುಖದಲ್ಲಿ ಕಲಿಯಲು ಹೊರಟರೆ ಗಾಯ ತಪ್ಪಿದ್ದಲ್ಲ.

ಟ್ರಿಮ್ಮರ್ ಕೂದಲನ್ನು ಚರ್ಮದಿಂದ ತುಸು ಮೇಲೆ, ಸುಮಾರು ಅರ್ಧ ಮಿಲಿಮೀಟರ್ ಬಿಟ್ಟು ಕತ್ತರಿಸುತ್ತದೆ. ತುದಿ ಹೊರಗೇ ಇರುವುದರಿಂದ ಒಳಕ್ಕೆ ನುಗ್ಗುವುದು ಕಡಿಮೆ. ನೊರೆ ಬೇಡ, ನೀರು ಬೇಡ, ಮುಖ ಒಣಗಿದ್ದರೆ ಸಾಕು. ಮೊಡವೆ ಇದ್ದ ಕಡೆ ಎತ್ತಿ ದಾಟಿಸಬಹುದು. ನುಣುಪು ಮಾತ್ರ ಬರುವುದಿಲ್ಲ, ತೆಳು ಕಪ್ಪು ಉಳಿಯುತ್ತದೆ. ನುಣುಪು ಬರಲೆಂದು ಒತ್ತಿ ಹಿಡಿದರೆ ಇದೂ ಕೆರೆಯುತ್ತದೆ. ಮಗನಿಗೆ ಆ ಕಪ್ಪಿನ ಚಿಂತೆಯಿಲ್ಲ. "ಕಾಲರ್ ತಾಗಿದರೂ ಉರಿಯುವುದಿಲ್ಲ ಅಮ್ಮ, ಅಷ್ಟು ಸಾಕು" ಎಂದ. ಬೇಕೆನಿಸಿದ ದಿನ ಬಳಸುತ್ತಾನೆ, ಬೇಡವಾದರೆ ಮೀಸೆ ಹಾಗೆಯೇ ಬಿಡುತ್ತಾನೆ. ನಾನು ನೆನಪಿಸುವುದು ಬಳಸಿದ ಮೇಲೆ ತಲೆ ಬಿಚ್ಚಿ ಬ್ರಷ್ ಆಡಿಸುವುದನ್ನು ಮಾತ್ರ. ಆ ಟ್ರಿಮ್ಮರನ್ನು ಅವನ ಅಪ್ಪನೂ ಮುಟ್ಟುವಂತಿಲ್ಲ.

ಮುಖ ತೊಳೆಯಲು ಮೂರು ಬಗೆ ನೋಡಿದೆವು. ಸ್ನಾನದ ಸೋಪಿನಿಂದ ಚರ್ಮ ಬಿಗಿಯಿತು. ತರಿತರಿ ಕಾಳಿರುವ ಸ್ಕ್ರಬ್ ಮೊಡವೆಗಳನ್ನು ಇನ್ನಷ್ಟು ಕೆಂಪಾಗಿಸಿತು. ಪರಿಮಳವಿಲ್ಲದ ಸೌಮ್ಯ ಫೇಸ್‌ವಾಶ್ ಉಳಿಯಿತು. ಬೆಳಿಗ್ಗೆ ಒಮ್ಮೆ, ಆಟ ಮುಗಿಸಿ ಬಂದಾಗ ಒಮ್ಮೆ, ಬೆರಳ ತುದಿಯಲ್ಲಿ ಹಚ್ಚಿ ತೊಳೆದರೆ ಮುಗಿಯಿತು.

ತಲೆಗೂದಲಿಗೆ ರಾತ್ರಿ ಎಣ್ಣೆ ಹಚ್ಚಿ ಮಲಗುವ ನಮ್ಮ ಮನೆಯ ಪದ್ಧತಿಯನ್ನು ಅವನ ಮಟ್ಟಿಗೆ ಬಿಟ್ಟೆವು. ಎಣ್ಣೆ ದಿಂಬಿಗೂ ಹಣೆಗೂ ಇಳಿದು ಅಲ್ಲಿ ಸಣ್ಣ ಗುಳ್ಳೆ ಏಳಿಸುತ್ತಿತ್ತು. ಈಗ ಸ್ನಾನಕ್ಕೆ ಮುಂಚೆ ಸ್ವಲ್ಪ ಕೊಬ್ಬರಿ ಎಣ್ಣೆ, ವಾರಕ್ಕೆರಡು ಸಲ ಶಾಂಪೂ. ಜೆಲ್ ಅವನಿಗೇ ಹಿಡಿಸಲಿಲ್ಲ.

ಟ್ರಿಮ್ಮರ್‌ಗೆ ಸಾವಿರ ರೂಪಾಯಿಯ ಆಸುಪಾಸು ಕೊಟ್ಟೆ, ಒಮ್ಮೆ ಕೊಟ್ಟರೆ ಆಯಿತು. ಕಾರ್ಟ್ರಿಜ್ ಆದರೆ ಸವೆದಂತೆಲ್ಲ ಹೊಸದು ಕೊಳ್ಳುತ್ತಿರಬೇಕು. ಬಿಚ್ಚದೆ ಉಳಿದವನ್ನು ಅವನ ಮಾವನಿಗೇ ಕೊಟ್ಟೆ, ನೇರ ಕೂದಲಿನ ಅವನಿಗೆ ಅವು ಒಗ್ಗುತ್ತವೆ. ಪೂರ್ತಿ ಬೋಳಿಸಬೇಕೆಂದು ಮಗನಿಗೇ ಅನಿಸಿದ ದಿನ ಸೇಫ್ಟಿ ರೇಜರ್ ಇದೆ: ಮೊದಲು ಟ್ರಿಮ್ಮರ್, ಆಮೇಲೆ ಬಿಸಿನೀರಿನ ಸ್ನಾನ, ಬೆರಳಾಡಿಸಿ ಕೂದಲು ಬೆಳೆದ ದಿಕ್ಕು ತಿಳಿದುಕೊಂಡು ಆ ದಿಕ್ಕಿಗೇ ಒಂದು ಸಲ, ಎದುರು ದಿಕ್ಕಿಗೆ ಬೇಡ.