ಅತಿಥಿಯ ಧ್ವನಿ ಅತಿಥಿಯ ಮೊಬೈಲಿನಲ್ಲೇ: ಎರಡು ವರ್ಷ ಬಳಸಿದ ಮೇಲೆ

ಡೊಂಬಿವಲಿಯ ಮನೆಯಲ್ಲಿ ಕುಳಿತು ಪುಣೆ, ಗೋವಾದ ಕನ್ನಡಿಗ ಹಿರಿಯರ ಸಂದರ್ಶನ ದಾಖಲಿಸುವುದು ನನ್ನ ಭಾನುವಾರದ ಕೆಲಸ. ಮೊದಲು ವಿಡಿಯೊ ಕರೆಯನ್ನೇ ರೆಕಾರ್ಡ್ ಮಾಡುತ್ತಿದ್ದೆ. ನೆಟ್‌ವರ್ಕ್ ಮುಗ್ಗರಿಸಿದಾಗಲೆಲ್ಲ ಅರ್ಧ ಮಾತು ನುಂಗಿಹೋಗುತ್ತಿತ್ತು. ಈಗ ಅತಿಥಿ ಇಯರ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಮಾತನಾಡುತ್ತಾರೆ, ಪಕ್ಕದಲ್ಲಿಟ್ಟ ಮೊಬೈಲಿನ ರೆಕಾರ್ಡರ್ ಅವರ ಧ್ವನಿಯನ್ನಷ್ಟೇ ಹಿಡಿಯುತ್ತದೆ. ನನ್ನ ಧ್ವನಿ ನನ್ನಲ್ಲಿ. ಎರಡನ್ನೂ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಕೂಡಿಸುತ್ತೇನೆ. ಧ್ವನಿಯ ಗುಣಮಟ್ಟಕ್ಕೆ ಪೂರ್ತಿ ಅಂಕ. ಹೊಂದಿಸುವ ಕೆಲಸಕ್ಕೆ ಮಾತ್ರ ತಾಳ್ಮೆ ಬೇಕು.

ಕರೆಯ ರೆಕಾರ್ಡಿಂಗನ್ನು ನಾನು ಬಿಟ್ಟಿಲ್ಲ. ಅದನ್ನು ಕೇಳುಗರಿಗೆ ಕೊಡುವುದಿಲ್ಲ, ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ. ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅತಿಥಿಯಿಂದ ಚಪ್ಪಾಳೆ ಹೊಡೆಸುತ್ತೇನೆ. ಪರದೆಯ ಮೇಲಿನ ಧ್ವನಿಯ ತರಂಗದಲ್ಲಿ ಅದು ಮೊಳೆಯಂತೆ ನೆಟ್ಟಗೆ ಕಾಣುತ್ತದೆ.

ಎರಡೂ ರೆಕಾರ್ಡಿಂಗುಗಳ ಮೊದಲ ಚಪ್ಪಾಳೆ ಕೂಡಿದರೆ ಮುಗಿಯಿತೆಂದೇ ನಂಬಿದ್ದೆ. ವಾಸ್ಕೊದ ನಿವೃತ್ತ ಮೇಷ್ಟರೊಬ್ಬರ ಸಂದರ್ಶನದ ಕೊನೆಯಲ್ಲಿ ನನ್ನ ತಮಾಷೆಗೆ ಅವರ ನಗು ತಡವಾಗಿ ಬಂತು. ತಮಾಷೆಯೇ ಸಪ್ಪೆಯಿರಬೇಕು ಎಂದುಕೊಂಡೆ. ಅಳೆದು ನೋಡಿದರೆ ಎರಡು ಚಪ್ಪಾಳೆಗಳ ನಡುವಿನ ಅಂತರ ಕರೆಯಲ್ಲಿ 52 ನಿಮಿಷ, ಮೊಬೈಲಿನಲ್ಲಿ ಅದಕ್ಕಿಂತ 0.31 ಸೆಕೆಂಡ್ ಹೆಚ್ಚು. ಒಂದೊಂದು ಉಪಕರಣದ ಒಳಗಡಿಯಾರವೂ ತನ್ನದೇ ಲೆಕ್ಕದಲ್ಲಿ ಓಡುತ್ತದೆ. ಐದು ನಿಮಿಷದಲ್ಲಿ ಗೊತ್ತೇ ಆಗದ ವ್ಯತ್ಯಾಸ ಗಂಟೆಯ ಹೊತ್ತಿಗೆ ಕಿವಿಗೆ ತಾಕುತ್ತದೆ.

ಆದರೆ ತಕ್ಷಣ ವೇಗ ಬದಲಿಸಬಾರದು. ಮಧ್ಯದ ಒಂದು ಮಾತನ್ನು ಹಿಡಿದು ನೋಡಬೇಕು. ಮೇಷ್ಟರ 26ನೇ ನಿಮಿಷದಲ್ಲಿ ವ್ಯತ್ಯಾಸ ಸುಮಾರು 0.15 ಸೆಕೆಂಡ್, ಅಂದರೆ ಹೆಚ್ಚುಕಡಿಮೆ ಅರ್ಧ. ಸಮನಾಗಿ ಬೆಳೆದಿದೆ, ಹಾಗಾಗಿ ಇದು ಗಡಿಯಾರದ್ದೇ ತಪ್ಪು. 3120 ಸೆಕೆಂಡಿಗೆ 0.31 ಎಂದರೆ ಹತ್ತು ಸಾವಿರಕ್ಕೆ ಒಂದು. `Change Speed and Pitch` ತೆರೆದು ಮೊಬೈಲಿನ ರೆಕಾರ್ಡಿಂಗಿನ ವೇಗವನ್ನು ಶೇಕಡಾ 0.01 ಹೆಚ್ಚಿಸಿದೆ. ನಗು ತನ್ನ ಜಾಗಕ್ಕೆ ಬಂತು. ಅಷ್ಟು ಸಣ್ಣ ಬದಲಾವಣೆಯಿಂದ ಧ್ವನಿಯ ಸ್ಥಾಯಿ ಬದಲಾದದ್ದು ಯಾರ ಕಿವಿಗೂ ತಿಳಿಯುವುದಿಲ್ಲ.

ಪುಣೆಯ ಒಬ್ಬ ಅತಿಥಿಯದು ಬೇರೆ ಕಥೆ. ಇಪ್ಪತ್ತು ನಿಮಿಷ ಎಲ್ಲವೂ ಸರಿ, ಆಮೇಲೆ ಒಮ್ಮೆಲೇ ನನ್ನ ಪ್ರಶ್ನೆ ಮುಗಿಯುವ ಮೊದಲೇ ಅವರ ಉತ್ತರ ಶುರು! ಮೊಬೈಲು ನಡುವೆ ಒಂದು ತುಣುಕನ್ನು ದಾಖಲಿಸದೆ ಬಿಟ್ಟಿತ್ತು. ಇಂಥದ್ದಕ್ಕೆ ವೇಗ ಬದಲಿಸಿದರೆ ಸರಿಯಿದ್ದ ಭಾಗವೂ ಕೆಡುತ್ತದೆ. ಜಿಗಿತದ ಜಾಗ ಹುಡುಕಿ, ಅಲ್ಲಿ ಕತ್ತರಿಸಿ, ಉಳಿದದ್ದನ್ನು ಮುಂದಕ್ಕೆ ತಳ್ಳಿ, ಕಳೆದುಹೋದ ಚೂರನ್ನು ಕರೆಯ ರೆಕಾರ್ಡಿಂಗಿನಿಂದ ತಂದು ತುಂಬಿದೆ.

ಅತಿಥಿಯ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿಸುವುದನ್ನು ಮರೆತರೆ ನಡುವೆ ಬರುವ ಒಂದು ಕರೆ ರೆಕಾರ್ಡಿಂಗನ್ನೇ ನಿಲ್ಲಿಸಿಬಿಡಬಹುದು. ಫೈಲನ್ನು ವಾಟ್ಸ್‌ಆ್ಯಪಿನಲ್ಲಿ ಡಾಕ್ಯುಮೆಂಟ್ ಆಗಿಯೇ ತರಿಸಿಕೊಳ್ಳುತ್ತೇನೆ. ಸಂದರ್ಶನ ಮುಗಿದ ಕೂಡಲೇ, ಅತಿಥಿ ಇನ್ನೂ ಕರೆಯಲ್ಲಿರುವಾಗಲೇ, "ಸರ್, ಸೇವ್ ಆಯಿತೇ? ಒಮ್ಮೆ ಕೇಳಿ ನೋಡಿ" ಎನ್ನುತ್ತೇನೆ. ಮೇಷ್ಟರಿಗೆ ಎರಡು ಸಲ ಹೇಳಬೇಕಾಯಿತು.