ಹೆಂಡತಿ ಹೆಸರಲ್ಲಿ ಎಫ್‌ಡಿ ಇಟ್ಟರೆ ಟ್ಯಾಕ್ಸ್ ಇಲ್ಲ ಅಂತ ನಂಬಬೇಡಿ

2023ರ ಏಪ್ರಿಲ್‌ನಲ್ಲಿ ಊರಿನ ಸೈಟು ಮಾರಿದ ದುಡ್ಡಿನಲ್ಲಿ ನನ್ನ ಪಾಲಿಗೆ 20 ಲಕ್ಷ ಬಂತು. ಬ್ಯಾಂಕಿಗೆ ಹೋಗಿ ನನ್ನ ಹೆಸರಲ್ಲೇ ಎಫ್‌ಡಿ ಮಾಡ್ತೀನಿ ಅಂದೆ. ಕೌಂಟರಿನಲ್ಲಿದ್ದವರು, "ಮೇಡಮ್ ಹೆಸರಲ್ಲಿ ಇಡಿ ಸರ್. ಅವರಿಗೆ ಸಂಬಳ ಇಲ್ಲ ಅಲ್ವಾ? 15ಜಿ ಫಾರಂ ಕೊಟ್ಟರೆ ಟಿಡಿಎಸ್ಸೂ ಕಟ್ ಆಗಲ್ಲ" ಅಂದರು. ನನಗೂ ಸರಿ ಅನ್ನಿಸಿತು. ನನ್ನ ಸಂಬಳ 30 ಪರ್ಸೆಂಟ್ ಸ್ಲ್ಯಾಬಿನಲ್ಲಿದೆ, ಹೆಂಡತಿಗೆ ಬೇರೆ ಆದಾಯ ಇಲ್ಲ. ಗಂಡ ಹೆಂಡತಿಗೆ ಕೊಟ್ಟ ಗಿಫ್ಟಿಗೆ ಟ್ಯಾಕ್ಸ್ ಇಲ್ಲ ಅನ್ನೋದೂ ಗೊತ್ತಿತ್ತು. ದುಡ್ಡನ್ನು ಅವಳ ಖಾತೆಗೆ ಹಾಕಿ, ಶೇಕಡಾ 7ರ ಬಡ್ಡಿಗೆ ಇಟ್ಟೆವು. ಮೂರು ತಿಂಗಳಿಗೊಮ್ಮೆ 35 ಸಾವಿರ ಅವಳ ಖಾತೆಗೆ ಬರುತ್ತಿತ್ತು.

ಗಿಫ್ಟಿಗೆ ಟ್ಯಾಕ್ಸ್ ಇಲ್ಲ ಅನ್ನೋದು ನಿಜ. ಆದರೆ ಆ ಗಿಫ್ಟಿನಿಂದ ಬರುವ ಬಡ್ಡಿಗೆ ಇದೆ, ಅದೂ ಕೊಟ್ಟವರ ಲೆಕ್ಕಕ್ಕೆ. ಇದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದೇ ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಎಫ್‌ಡಿ ಇಟ್ಟರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಕಳೆದ ವರ್ಷ ನವೆಂಬರ್‌ನಲ್ಲಿ ಹೆಂಡತಿಯ ಮೊಬೈಲಿಗೆ ಇಲಾಖೆಯಿಂದ ಮೆಸೇಜ್ ಬಂತು. ನಿಮ್ಮ ಹೆಸರಲ್ಲಿ ದೊಡ್ಡ ವ್ಯವಹಾರ ಕಾಣುತ್ತಿದೆ, ರಿಟರ್ನ್ ಫೈಲ್ ಆಗಿಲ್ಲ, ಪೋರ್ಟಲ್‌ನಲ್ಲಿ ಉತ್ತರ ಕೊಡಿ ಅಂತ. ದುಡ್ಡು ಎಲ್ಲಿಂದ ಬಂತು ಅನ್ನೋದಕ್ಕೆ ನಮ್ಮ ಹತ್ತಿರ ಇದ್ದ ನಿಜವಾದ ಉತ್ತರ ಒಂದೇ, ಗಂಡ ಕೊಟ್ಟ ಗಿಫ್ಟ್. ಉತ್ತರ ಕಳಿಸುವ ಮುಂಚೆ ಒಬ್ಬ ಆಡಿಟರ್ ಹತ್ತಿರ ತೋರಿಸೋಣ ಅಂತ ಹೋದೆವು. ಅವರು ಮೊದಲು ಕೇಳಿದ್ದೇ, "ಈ ಬಡ್ಡಿನ ನಿಮ್ಮ ರಿಟರ್ನ್‌ನಲ್ಲಿ ತೋರಿಸಿದ್ದೀರಾ ಸರ್?" ಅಂತ.

ಇದಕ್ಕೆ ಕ್ಲಬ್ಬಿಂಗ್ ಅಂತಾರೆ. 1961ರ ಆದಾಯ ತೆರಿಗೆ ಕಾಯ್ದೆಯ 64ನೇ ಸೆಕ್ಷನ್. ತಕ್ಕ ಬೆಲೆ ಪಡೆಯದೆ ಗಂಡ ಹೆಂಡತಿಗೋ, ಹೆಂಡತಿ ಗಂಡನಿಗೋ ಆಸ್ತಿ ಕೊಟ್ಟರೆ, ಅದರಿಂದ ಬರುವ ಆದಾಯ ಕೊಟ್ಟವರ ಆದಾಯಕ್ಕೆ ಸೇರುತ್ತದೆ. ಎಫ್‌ಡಿ ಮುರಿಸಿ ಆಕೆ ಮ್ಯೂಚುವಲ್ ಫಂಡಿಗೆ ಹಾಕಿದರೂ ಬಿಡುವುದಿಲ್ಲ, ಅದರ ಲಾಭವೂ ಕೊಟ್ಟವರ ಲೆಕ್ಕಕ್ಕೇ ಬರುತ್ತದೆ. ಹೊಸ ಕಾಯ್ದೆಯಲ್ಲಿ ಸೆಕ್ಷನ್ ನಂಬರ್ ಬದಲಾಗಿದೆ, ನಿಯಮ ಹಾಗೇ ಇದೆ.

ಆಡಿಟರ್ ಆಮೇಲೆ 15ಜಿ ಫಾರಂ ತೆಗೆದು ನಮ್ಮ ಮುಂದೆ ಇಟ್ಟರು. ಅದರ ಕೊನೆಯಲ್ಲಿ, ಸಹಿ ಹಾಕುವ ಜಾಗದ ಹತ್ತಿರ, ಸಣ್ಣ ಅಕ್ಷರದ ಒಂದು ಘೋಷಣೆ ಇತ್ತು. ಈ ಆದಾಯ 60ರಿಂದ 64ನೇ ಸೆಕ್ಷನ್ ಪ್ರಕಾರ ಬೇರೆ ಯಾರ ಆದಾಯಕ್ಕೂ ಸೇರುವಂಥದ್ದಲ್ಲ ಅಂತ ಬರೆದುಕೊಡುವ ಮಾತು ಅದು. ನನ್ನ ಹೆಂಡತಿ ಪ್ರತಿ ವರ್ಷ ಅದಕ್ಕೆ ಸಹಿ ಹಾಕಿದ್ದಳು. ಎಲ್ಲಿ ಹಾಕಬೇಕು ಅಂತ ತೋರಿಸಿದ್ದು ನಾನು. ಅದನ್ನು ನೋಡಿ ಅವಳು, "ಇದು ಸುಳ್ಳು ಆಯ್ತಲ್ಲ ರೀ" ಅಂದಳು. ಕಟ್ಟಿದ ದುಡ್ಡಿಗಿಂತ ನನಗೆ ಜಾಸ್ತಿ ನೋವು ಕೊಟ್ಟಿದ್ದು ಆ ಮಾತು.

ಇನ್ನೊಂದು ಎಫ್‌ಡಿ ಮಗಳ ಹೆಸರಲ್ಲಿತ್ತು. 2024ರ ಏಪ್ರಿಲ್‌ನಲ್ಲಿ ನಮ್ಮ ಅಮ್ಮ ಮೊಮ್ಮಗಳ ಓದಿಗೆ ಅಂತ 5 ಲಕ್ಷ ಕೊಟ್ಟಿದ್ದರು. ಅದು ಅಜ್ಜಿ ಕೊಟ್ಟ ದುಡ್ಡು, ನನ್ನದಲ್ಲವಲ್ಲ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ಮಕ್ಕಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ದುಡ್ಡು ಯಾರೇ ಕೊಟ್ಟಿರಲಿ, 18 ತುಂಬದ ಮಗುವಿನ ಆದಾಯವೆಲ್ಲ ತಂದೆ-ತಾಯಿಯಲ್ಲಿ ಯಾರ ಆದಾಯ ಜಾಸ್ತಿಯೋ ಅವರಿಗೆ ಸೇರುತ್ತದೆ. ಮಗು ತನ್ನ ದುಡಿಮೆಯಿಂದ ಅಥವಾ ಪ್ರತಿಭೆಯಿಂದ ಗಳಿಸಿದ್ದು ಮಾತ್ರ ಬೇರೆ. ಕಾಯ್ದೆ ಹೇಳುವ ಅಂಗವೈಕಲ್ಯ ಇರುವ ಮಗುವಿಗೂ ವಿನಾಯಿತಿ ಇದೆ. ಒಂದು ಮಗುವಿಗೆ ವರ್ಷಕ್ಕೆ 1,500 ರೂಪಾಯಿ ಬಿಡುವ ಅವಕಾಶ ಹಳೇ ರೆಜೀಮ್‌ನಲ್ಲಿತ್ತು, ಹೊಸ ರೆಜೀಮ್‌ನಲ್ಲಿ ಅದೂ ಇಲ್ಲ. ನಾನಿರುವುದು ಹೊಸದರಲ್ಲಿ.

ಲೆಕ್ಕ ಹೀಗಾಯಿತು. 2023-24ರಲ್ಲಿ ಹೆಂಡತಿಗೆ ಬಂದ ಬಡ್ಡಿ 1,40,000. ಸೆಸ್ ಸೇರಿ 31.2 ಪರ್ಸೆಂಟ್ ಅಂದರೆ 43,680 ರೂಪಾಯಿ ತೆರಿಗೆ. ಅಡ್ವಾನ್ಸ್ ಟ್ಯಾಕ್ಸ್ ಕಟ್ಟದೇ ಇದ್ದದ್ದಕ್ಕೆ ಇಲಾಖೆಯ ಬಡ್ಡಿ ಸುಮಾರು 11 ಸಾವಿರ. ಆ ವರ್ಷದ ರಿಟರ್ನ್ ರಿವೈಸ್ ಮಾಡುವ ಗಡುವು ಮುಗಿದಿತ್ತು. ಉಳಿದದ್ದು ಐಟಿಆರ್-ಯು ಅನ್ನುವ ಅಪ್‌ಡೇಟೆಡ್ ರಿಟರ್ನ್ ಒಂದೇ. ಅದರಲ್ಲಿ ತೆರಿಗೆ, ಬಡ್ಡಿ ಎರಡರ ಮೇಲೂ ಇನ್ನೂ 25 ಪರ್ಸೆಂಟ್ ಕಟ್ಟಬೇಕು. ಒಟ್ಟು 68 ಸಾವಿರದ ಹತ್ತಿರ ಹೋಯಿತು. ಅಂದರೆ ಆ ವರ್ಷ ಬಂದ ಬಡ್ಡಿಯ ಅರ್ಧದಷ್ಟು. ಇನ್ನೂ ತಡ ಮಾಡಿದ್ದರೆ ಆ 25 ಮುಂದಿನ ವರ್ಷ 50 ಆಗುತ್ತಿತ್ತು.

2024-25ಕ್ಕೆ ಮಗಳ 35 ಸಾವಿರವೂ ಸೇರಿ 1,75,000. ತೆರಿಗೆ 54,600, ಬಡ್ಡಿ 7 ಸಾವಿರ ಚಿಲ್ಲರೆ. ಇದನ್ನು ಡಿಸೆಂಬರ್ 31ರ ಒಳಗೆ ರಿವೈಸ್ ಮಾಡಿದ್ದರಿಂದ ಆ 25 ಪರ್ಸೆಂಟ್ ಉಳಿಯಿತು. ಹೀಗೆ ಸೇರುವ ಆದಾಯ ತೋರಿಸಲು ಐಟಿಆರ್-2 ರಿಟರ್ನ್ ಫಾರಂನಲ್ಲಿ Schedule SPI ಅನ್ನುವ ಭಾಗ ಇದೆ. ಯಾರ ಆದಾಯ, ಅವರ ಪ್ಯಾನ್, ಸಂಬಂಧ, ಮೊತ್ತ ಅಲ್ಲಿ ತುಂಬಬೇಕು.

ನನಗೆ ಸ್ವಲ್ಪ ಸಮಾಧಾನ ಕೊಟ್ಟ ಸಂಗತಿ ಒಂದಿದೆ. ಬಡ್ಡಿಯ ಮೇಲಿನ ಬಡ್ಡಿ ಹೆಂಡತಿಯದೇ. ಮೊದಲ ವರ್ಷದ 1,40,000 ಅನ್ನು ಆಕೆ ಹೊಸ ಎಫ್‌ಡಿ ಮಾಡಿದ್ದಳು. ಅದಕ್ಕೆ ಬರುವ 9,800 ನನ್ನ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಅದನ್ನು ತೋರಿಸಲು ದಾಖಲೆ ಬೇಕು. ನಾನು ಮನೆ ಖರ್ಚಿಗೆ ಕಳಿಸುವ ದುಡ್ಡು, ಈ ಬಡ್ಡಿ, ಅವಳ ತವರಿನವರು ಕೊಟ್ಟದ್ದು ಎಲ್ಲ ಒಂದೇ ಖಾತೆಯಲ್ಲಿ ಬೆರೆತಿತ್ತು. ಪಾಸ್‌ಬುಕ್ ಹಿಡಿದು ಒಂದೊಂದೇ ಎಂಟ್ರಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಬೇರೆ ಮಾಡಲು ಎರಡು ಭಾನುವಾರ ಬೇಕಾಯಿತು. ಹೆಂಡತಿಗೆ ದುಡ್ಡು ಕೊಡುವುದಾದರೆ ಅದಕ್ಕೆ ಬೇರೆ ಖಾತೆ ತೆರೆಸಿ. ಮಗುವಿನ ವಿಷಯದಲ್ಲಿ ಈ ಅನುಕೂಲ ಇಲ್ಲ, ಬಡ್ಡಿಯ ಬಡ್ಡಿಯೂ ನಮಗೇ ಸೇರುತ್ತದೆ.

ಗಿಫ್ಟಿನ ಬದಲು ಸಾಲ ಅಂತ ಬರೆದುಕೊಳ್ಳಿ ಅಂತ ಕೆಲವರು ಹೇಳುತ್ತಾರೆ. ಹೆಂಡತಿ ನಿಮಗೆ ನ್ಯಾಯವಾದ ಬಡ್ಡಿಯನ್ನು ಬ್ಯಾಂಕಿನ ಮೂಲಕ ನಿಜವಾಗಿ ಕಟ್ಟಬೇಕು, ಆ ಬಡ್ಡಿಗೆ ನೀವು ಟ್ಯಾಕ್ಸ್ ಕಟ್ಟಬೇಕು. ಎಫ್‌ಡಿಗಾದರೆ ಉಳಿಯುವುದು ಏನೂ ಇಲ್ಲ. ಪಿಪಿಎಫ್ ಆದರೆ ಬಡ್ಡಿಗೇ ಟ್ಯಾಕ್ಸ್ ಇಲ್ಲದ್ದರಿಂದ ತೊಂದರೆ ಇಲ್ಲ. ತಂದೆ-ತಾಯಿಗೆ ಅಥವಾ 18 ದಾಟಿದ ಮಕ್ಕಳಿಗೆ ಕೊಟ್ಟರೆ ಕ್ಲಬ್ಬಿಂಗ್ ಬರುವುದಿಲ್ಲ. ಆದರೆ ಕೊಟ್ಟ ಮೇಲೆ ಅದು ನಿಜವಾಗಿ ಅವರದು. ಅಮ್ಮನಿಗೆ ಕೊಟ್ಟರೆ ನಾಳೆ ಅಣ್ಣ-ತಮ್ಮ, ಅಕ್ಕ-ತಂಗಿಯರಿಗೂ ಅದರಲ್ಲಿ ಪಾಲು ಬರಬಹುದು. ಮನೆಯಲ್ಲಿ ಕೂತು ಮಾತಾಡಿ ಕೊಡಿ.

ಈಗ ನಾವು ಆ ಎಫ್‌ಡಿಗೆ 15ಜಿ ಕೊಡುವುದನ್ನು ನಿಲ್ಲಿಸಿದ್ದೇವೆ. ಟಿಡಿಎಸ್ ಅವಳ ಪ್ಯಾನ್‌ನಲ್ಲಿ ಕಟ್ ಆಗುತ್ತದೆ. ಅದು ನನ್ನ ಲೆಕ್ಕಕ್ಕೆ ಬರಲಿ ಅಂತ ಅವಳಿಂದ ಬ್ಯಾಂಕಿಗೆ ಒಂದು ಘೋಷಣೆ ಬರೆಸಿ ಕೊಟ್ಟಿದ್ದೇವೆ. ಮಗಳಿಗೆ ಈಗ 11 ವರ್ಷ. ಅಜ್ಜಿ ಕೊಟ್ಟ ದುಡ್ಡಿನ ಬಡ್ಡಿ ಅವಳಿಗೆ 18 ತುಂಬುವ ತನಕ ನನ್ನ ರಿಟರ್ನ್‌ನಲ್ಲೇ ಇರುತ್ತದೆ.